ಗುರುಗ್ರಾಮದಲ್ಲಿ ಕೂತು ರಿಯಾದಿನ ಸಂತೆಗೆ ತಯಾರಿ: ಅರಬ್ಬಿಯಲ್ಲಿ ಊಟ ಹೇಳೋದು, ಚೌಕಾಸಿ ಮಾಡೋದು

ಹೋದ ಸಲದ ಮಾತುಕತೆ ಮುಗಿದ ಮೇಲೆ ಇಬ್ಬರು ಮೂವರು ಬಂದು ಒಂದೇ ಪ್ರಶ್ನೆ ಕೇಳಿದ್ರು: "ಸರ್, ಆರು ತಿಂಗಳಿಗೆ ರಿಯಾದಿಗೆ ಹೋಗು ಅಂತ ಮ್ಯಾನೇಜರ್ ಹೇಳಿದ್ದಾರೆ, ಅರಬ್ಬಿ ಎಲ್ಲಿಂದ ಶುರು ಮಾಡ್ಬೇಕು?" ಅದಕ್ಕೇ ಇವತ್ತು ಎರಡು ಸಂಭಾಷಣೆ ಬರೆದುಕೊಂಡು ಬಂದಿದ್ದೀನಿ. ಒಂದು ಹೋಟೆಲಿನದು, ಇನ್ನೊಂದು ಸಂತೆಯದು. ವಿಡಿಯೋ ನೋಡ್ತಿರೋರು ನಿಲ್ಲಿಸಿ ನಿಲ್ಲಿಸಿ ಹೇಳ್ಕೋಬಹುದು. ಓದ್ತಿರೋರಿಗೆ ಅರಬ್ಬಿ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೀನಿ.

ಮೊದಲು ನನ್ನ ಕಥೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ತಪ್ಪು ಅಲ್ಲೇ ಶುರುವಾಗಿದ್ದು. ನಾನು ಗುರುಗ್ರಾಮದಲ್ಲಿ ಸೆಕ್ಟರ್ 38ರ ಹತ್ತಿರ ಬಾಡಿಗೆಗಿದ್ದೆ. ಮೇದಾಂತ ಆಸ್ಪತ್ರೆ ಇರೋದು ಅಲ್ಲೇ. ಆ ಕಡೆ ಓಡಾಡಿದವರಿಗೆ ಗೊತ್ತು, ಔಷಧಿ ಅಂಗಡಿ, ಗೆಸ್ಟ್ ಹೌಸ್, ಊಟದ ಹೋಟೆಲು, ಎಲ್ಲದರ ಮೇಲೂ ಅರಬ್ಬಿ ಬೋರ್ಡು. ಇರಾಕಿನಿಂದ, ಯೆಮೆನ್‌ನಿಂದ, ಒಮಾನ್‌ನಿಂದ ಚಿಕಿತ್ಸೆಗೆ ಬರೋ ಕುಟುಂಬಗಳು ತಿಂಗಳುಗಟ್ಟಲೆ ಅಲ್ಲೇ ಉಳ್ಕೋತಾರೆ. ದೆಹಲಿಯ ಕಡೆ ಜಸೋಲಾ, ಸರಿತಾ ವಿಹಾರದಲ್ಲೂ ಇದೇ ನೋಟ. ನಮ್ಮ ಕೆಳಗಿನ ಮಹಡಿಯಲ್ಲಿ ಬಾಗ್ದಾದಿನ ಒಂದು ಸಂಸಾರ ಇತ್ತು. ತಂದೆಗೆ ಹೃದಯದ ಆಪರೇಷನ್. ಮಗ ನನ್ನ ವಯಸ್ಸಿನವನು, ಸಾಯಂಕಾಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯೋನು. ಅವನೇ ನನ್ನ ಮೊದಲ ಮೇಷ್ಟ್ರು. "ಇದಕ್ಕೆಷ್ಟು" ಅನ್ನೋದಕ್ಕೆ ಅವನು ಕಲಿಸಿದ್ದು "ಬೇಶ್ ಹಾದಾ?"

ರಿಯಾದಿಗೆ ಹೋದ ಮೊದಲ ವಾರ ಅಂಗಡಿಯಲ್ಲಿ ಜಂಬದಿಂದ "ಬೇಶ್ ಹಾದಾ?" ಅಂದೆ. ಅಂಗಡಿಯವನು ನನ್ನ ಮುಖ ನೋಡಿ, ನಗುತ್ತಾ, "ಇಂತಾ ಮಿನ್ ಅಲ್ ಇರಾಗ್?" ಅಂದ. ನೀನು ಇರಾಕಿನವನಾ ಅಂತ. ಅವನಿಗೆ ಅರ್ಥ ಆಗಿತ್ತು, ಆದ್ರೆ ಹುಬ್ಬಳ್ಳಿ ಮಾತನ್ನ ಮಂಗಳೂರಿನ ಪೇಟೇಲಿ ಆಡಿದ ಹಾಗೆ ಇತ್ತು ಅಷ್ಟೇ. ರಿಯಾದಿನಲ್ಲಿ ಅದು "ಬಿಕಮ್ ಹಾದಾ?" ಕೈರೋದಲ್ಲಿ "ಬಿಕಾಮ್ ದಾ?" "ನನಗೆ ಬೇಕು" ಅನ್ನೋದು ಇನ್ನೂ ಹೆಚ್ಚು ಬದಲಾಗುತ್ತೆ. ಇರಾಕಿನವರು "ಅರೀದ್" ಅಂತಾರೆ, ಸೌದಿಯವರು "ಅಬ್ಘಾ" ಅಥವಾ "ಅಬಿ" ಅಂತಾರೆ, ಈಜಿಪ್ಟಿನವರು "ಆಯಿಝ್" ಅಂತಾರೆ, ಸಿರಿಯಾ ಲೆಬನಾನಿನವರು "ಬಿದ್ದಿ" ಅಂತಾರೆ.

ಜೆಎನ್‌ಯುನಲ್ಲಿ, ಜಾಮಿಯಾದಲ್ಲಿ ಅರಬ್ಬಿ ವಿಭಾಗಗಳಿವೆ, ಚೆನ್ನಾಗಿಯೇ ಕಲಿಸ್ತಾರೆ. ಆದ್ರೆ ತರಗತಿಯ ಅಡಿಪಾಯ ಫುಸ್ಹಾ, ಅಂದ್ರೆ ಗ್ರಂಥದ, ಸುದ್ದಿವಾಚನದ ಅರಬ್ಬಿ. ಅದರಲ್ಲಿ ಊಟ ಹೇಳಿದ್ರೆ ಯಾರೂ ತಪ್ಪು ಅನ್ನಲ್ಲ, ಆದ್ರೆ ಹಳಗನ್ನಡದಲ್ಲಿ ಮಸಾಲೆ ದೋಸೆ ಆರ್ಡರ್ ಮಾಡಿದ ಹಾಗಿರುತ್ತೆ. ಕಷ್ಟ ಅದಲ್ಲ, ಉತ್ತರ ಬರೋದು ಬೀದಿ ಭಾಷೆಯಲ್ಲಿ. ಅದು ನಿಮ್ಮ ಕಿವಿಗೆ ಬೀಳಲ್ಲ. ಹಾಗಾಗಿ ಎಲ್ಲಿಗೆ ಹೋಗ್ತೀರೋ ಆ ಊರಿನ ಮಾತನ್ನ ಹಿಡೀರಿ. ಇವತ್ತಿನ ಸಂಭಾಷಣೆಗಳು ರಿಯಾದಿಗೆ. ಎಲ್ಲಾ ಊರಲ್ಲೂ ನಡೆಯೋ ನಾಲ್ಕು ಮಾತು ಮೊದಲೇ ಹೇಳ್ಬಿಡ್ತೀನಿ: "ಮುಮ್ಕಿನ್" (ಆಗುತ್ತಾ), "ಲೌ ಸಮಹ್ತ್" (ದಯವಿಟ್ಟು), "ಶ್ವಯ್ ಶ್ವಯ್" (ನಿಧಾನವಾಗಿ), "ಮಾ ಫಹಿಮ್ತ್" (ಅರ್ಥ ಆಗ್ಲಿಲ್ಲ). ಹೆಂಗಸರ ಹತ್ತಿರ ಮಾತಾಡುವಾಗ "ಲೌ ಸಮಹ್ತಿ" ಆಗುತ್ತೆ.

ಇನ್ನೊಂದು ಪ್ರಾಮಾಣಿಕ ಮಾತು. ರಿಯಾದಿನ ಬತ್ಹಾ ಕಡೆ, ದುಬೈನ ದೇರಾ ಕಡೆ ಹಿಂದಿ, ಮಲಯಾಳಂ ಸಾಕು. ಮಂಗಳೂರು, ಭಟ್ಕಳದ ಕಡೆಯವರು ಸಿಕ್ಕಿದ್ರಂತೂ ಕನ್ನಡವೇ ಸಾಕು. ಅರಬ್ಬಿ ಬೇಕಾಗೋದು ಹಳೇ ಸಂತೆಯಲ್ಲಿ, ಊರಾಚೆಯ ಹೋಟೆಲಲ್ಲಿ, ಸಹೋದ್ಯೋಗಿಯ ಜೊತೆ ಊಟಕ್ಕೆ ಹೋದಾಗ.

ಈಗ ಬಾಯಿಗೆ ಬರೋಣ. ಕನ್ನಡದವರಿಗೆ ಒಂದು ಅನುಕೂಲ ಇದೆ, ಅದನ್ನ ಬಳಸ್ಕೊಳ್ಳಿ. ನಮ್ಮಲ್ಲಿ ಹ್ರಸ್ವ, ದೀರ್ಘ, ಒತ್ತು ಮೂರೂ ಅರ್ಥ ಬದಲಿಸುತ್ತವೆ. ಅರಬ್ಬಿಯಲ್ಲೂ ಹಾಗೇ. ಹೋಟೆಲಿನ ಉದಾಹರಣೆಯೇ ಕೊಡ್ತೀನಿ. "ಹಮಾಮ್" ಅಂದ್ರೆ ಪಾರಿವಾಳ. ಈಜಿಪ್ಟಿನ ಹೋಟೆಲುಗಳಲ್ಲಿ ಪಾರಿವಾಳದ ಹೊಟ್ಟೆಗೆ ಅಕ್ಕಿ ತುಂಬಿ ಬಡಿಸೋದು ದೊಡ್ಡ ಅಡುಗೆ. "ಹಮ್ಮಾಮ್" ಅಂದ್ರೆ ಬಚ್ಚಲು, ಟಾಯ್ಲೆಟ್ಟು. ವ್ಯತ್ಯಾಸ ಒಂದು ಒತ್ತು. "ವೇನ್ ಅಲ್ ಹಮ್ಮಾಮ್?" ಅಂತ ಒತ್ತಿ ಕೇಳಿದ್ರೆ ದಾರಿ ತೋರಿಸ್ತಾರೆ. ಇಂಗ್ಲಿಷಿನಿಂದ ಕಲಿಯೋರು ಈ ಒತ್ತಿನ ಮುಂದೆ ಒದ್ದಾಡ್ತಾರೆ, ನಮಗೆ ಅದು ಅಕ್ಕ, ಅಪ್ಪ ಅಂದಷ್ಟೇ ಸಲೀಸು.

ಇನ್ನೊಂದು ಅನುಕೂಲ ರಿಯಾದಿನ ಮಾತಿನದು. ಪುಸ್ತಕದಲ್ಲಿ ಗಂಟಲಾಳದಿಂದ ಬರೋ "ಖಾಫ್" ಅಕ್ಷರವನ್ನ ಅಲ್ಲಿ ಸುಮ್ಮನೆ "ಗ" ಅಂತಾರೆ. ಪುಸ್ತಕದ "ಕಹ್ವಾ" ಅಲ್ಲಿ "ಗಹ್ವಾ". ನಮಗೆ ಕಷ್ಟ ಕೊಡೋವುಗಳಲ್ಲಿ ಎರಡನ್ನ ಹೇಳ್ತೀನಿ. ಒಂದು, "ಘಾಲಿ" ಅನ್ನೋದರ "ಘ". ಅದು ನಮ್ಮ ಘಂಟೆಯ ಘ ಅಲ್ಲ, ಬಾಯಿ ಮುಕ್ಕಳಿಸುವಾಗ ಗಂಟಲಲ್ಲಿ ಗೊರಗೊರ ಅನ್ನುತ್ತಲ್ಲ, ಆ ಸದ್ದು. ಗುರುಗ್ರಾಮದಲ್ಲಿ ಅಭ್ಯಾಸ ಮಾಡುವಾಗ ಎಚ್ಚರ, ಅಂಗಡಿ ಮುಂದೆ "ಗಾಲಿ, ಗಾಲಿ" ಅಂದ್ರೆ ಹಿಂದಿಯವರು ಬೈತಿದ್ದೀರಾ ಅಂದ್ಕೋತಾರೆ! ಎರಡನೇದು "ಪ". ಅರಬ್ಬಿಯಲ್ಲಿ ಪ ಇಲ್ಲ. ಪೆಪ್ಸಿ ಬೇಕಂದ್ರೆ ಅವರು ಹೇಳೋದು "ಬೆಬ್ಸಿ" ಅಂತ. ನೀವು ಹಾಗೆ ಹೇಳಬೇಕಿಲ್ಲ, ಕೇಳಿದಾಗ ಗುರುತು ಹಿಡಿದ್ರೆ ಸಾಕು. ಇಲ್ಲಿ ನಾನು "ಝ" ಅಂತ ಬರೆದ ಕಡೆಯೆಲ್ಲ ಝೂ ಅನ್ನುವಾಗಿನ ಸದ್ದು.

ಸರಿ, ಹೋಟೆಲು. ನೀವು ಸಸ್ಯಾಹಾರಿ ಅಂತ ಇಟ್ಕೊಳ್ಳಿ, ಅಲ್ಲೇ ಜಾಸ್ತಿ ಎಡವಟ್ಟು ಆಗೋದು.

ನೀವು: ಅಸ್ಸಲಾಮು ಅಲೈಕುಮ್.
ಹೋಟೆಲಿನವನು: ವ ಅಲೈಕುಮುಸ್ಸಲಾಮ್, ಹಯ್ಯಾಕ್ ಅಲ್ಲಾಹ್. ಸಫರಿ ವಿಲ್ಲಾ ಮಹಲ್ಲಿ? – ಬನ್ನಿ ಬನ್ನಿ. ಪಾರ್ಸಲ್ಲಾ, ಇಲ್ಲೇನಾ?
ನೀವು: ಮಹಲ್ಲಿ. – ಇಲ್ಲೇ.
ಹೋಟೆಲಿನವನು: ತಫದ್ದಲ್. ಏಶ್ ತಿಬ್ಘಾ? – ಕೂತ್ಕೊಳ್ಳಿ. ಏನು ಬೇಕು?
ನೀವು: ಲೌ ಸಮಹ್ತ್, ಇಂದಕುಮ್ ಶೈ ಬಿದೂನ್ ಲಹಮ್, ವ ಬಿದೂನ್ ದಜಾಜ್, ವ ಬಿದೂನ್ ಸಮಕ್? – ಮಾಂಸ ಇಲ್ಲದ್ದು, ಕೋಳಿ ಇಲ್ಲದ್ದು, ಮೀನು ಇಲ್ಲದ್ದು ಏನಾದ್ರೂ ಇದೆಯಾ?
ಹೋಟೆಲಿನವನು: ಏವಾ, ಇಂದನಾ ಹುಮ್ಮುಸ್, ಫೂಲ್, ಫಲಾಫಿಲ್, ಶೋರ್ಬತ್ ಅದಸ್. – ಹೂಂ, ಹುಮ್ಮುಸ್, ಫೂಲ್, ಫಲಾಫಿಲ್, ಬೇಳೆ ಸೂಪು ಇದೆ.
ನೀವು: ಅಶ್ಶೋರ್ಬಾ ಫೀಹಾ ಮರಗ್ ದಜಾಜ್? – ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿದ್ದೀರಾ?
ಹೋಟೆಲಿನವನು: ಏವಾ, ಫೀಹಾ. – ಹೂಂ, ಹಾಕಿದ್ದೀವಿ.
ನೀವು: ತಯ್ಯಿಬ್. ಅಬ್ಘಾ ವಾಹಿದ್ ಹುಮ್ಮುಸ್, ವ ವಾಹಿದ್ ಫಲಾಫಿಲ್, ವ ಖುಬ್ಝ್. – ಸರಿ. ಒಂದು ಹುಮ್ಮುಸ್, ಒಂದು ಫಲಾಫಿಲ್, ರೊಟ್ಟಿ ಬೇಕು.
ಹೋಟೆಲಿನವನು: ಶೈ ಥಾನಿ? – ಇನ್ನೇನಾದ್ರೂ?
ನೀವು: ವಾಹಿದ್ ಝಬಾದಿ, ವ ಮೋಯಾ ಬಾರ್ದಾ. ಬಸ್, ಶುಕ್ರನ್. – ಒಂದು ಮೊಸರು, ತಣ್ಣೀರು. ಸಾಕು, ಥ್ಯಾಂಕ್ಸ್.
ಹೋಟೆಲಿನವನು: ಹಾದಿರ್. – ಆಯ್ತು, ತಂದೆ.

ಊಟ ಆದ ಮೇಲೆ:

ನೀವು: ಅಲ್ ಹಿಸಾಬ್, ಲೌ ಸಮಹ್ತ್. – ಬಿಲ್ ಕೊಡಿ.
ಹೋಟೆಲಿನವನು: ಥಮಾನಿಯಾ ವ ಇಶ್ರೀನ್ ರಿಯಾಲ್. ಬಿಲ್ ಆಫಿಯಾ. – 28 ರಿಯಾಲ್. ತಿಂದಿದ್ದು ಮೈಗೆ ಹತ್ತಲಿ.
ನೀವು: ಅಲ್ಲಾ ಯಿಆಫೀಕ್. – ನಿಮಗೂ ದೇವರು ಆರೋಗ್ಯ ಕೊಡಲಿ.

ಇದರಲ್ಲಿ ಮೂರು ಕಡೆ ನಾನು ಜಾರಿದ್ದೀನಿ. ಮೊದಲನೇದು "ಸಫರಿ ವಿಲ್ಲಾ ಮಹಲ್ಲಿ". ನಾನು ಉರು ಹೊಡೆದುಕೊಂಡು ಹೋಗಿದ್ದ ಸಂಭಾಷಣೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಸಫಾರಿ ಅಂತ ಕೇಳಿ ನನಗೆ ಬಂಡೀಪುರ ನೆನಪಾಯ್ತು, ಸುಮ್ಮನೆ ತಲೆ ಆಡಿಸಿದೆ, ಊಟ ಪ್ಲಾಸ್ಟಿಕ್ ಕವರಲ್ಲಿ ಬಂತು. ಅವತ್ತಿಂದ ಒಂದು ಪದ್ಧತಿ ಮಾಡ್ಕೊಂಡೆ. ಸಂಭಾಷಣೆ ಅಭ್ಯಾಸ ಮಾಡುವಾಗ ನನ್ನ ಸಾಲುಗಳಿಗಿಂತ ಮುಂಚೆ ಎದುರಿನವನ ಸಾಲುಗಳನ್ನ ಕಲೀತೀನಿ. ನನ್ನ ಸಾಲು ತಪ್ಪಾದ್ರೆ ಬೆರಳು ತೋರಿಸಿ ಆದ್ರೂ ಊಟ ಸಿಗುತ್ತೆ. ಅವನ ಪ್ರಶ್ನೆ ಅರ್ಥ ಆಗ್ಲಿಲ್ಲ ಅಂದ್ರೆ ಆಟ ಅಲ್ಲೇ ನಿಂತುಹೋಗುತ್ತೆ. ಅಂದ ಹಾಗೆ, ರಿಯಾದಿನ ಸ್ಥಳೀಯರೇ ಆದ್ರೆ "ಏಶ್ ತಿಬ್ಘಾ" ಬದಲು "ವಿಶ್ ತಬಿ?" ಅಂತ ಕೇಳ್ತಾರೆ. ಹೋಟೆಲಿನಲ್ಲಿ ಕೆಲಸ ಮಾಡೋರು ಯೆಮೆನ್, ಈಜಿಪ್ಟ್, ಬಂಗಾಳ, ಎಲ್ಲಿಂದಲೋ ಬಂದವರು, ಅವರವರ ಬಾಯಲ್ಲಿ ಅವರವರ ರೀತಿ.

ಎರಡನೇದು "ಲಹಮ್". ನಿಘಂಟಿನಲ್ಲಿ ಲಹಮ್ ಅಂದ್ರೆ ಮಾಂಸ. ಆದ್ರೆ ಹೋಟೆಲಲ್ಲಿ ಲಹಮ್ ಅಂದ್ರೆ ಕುರಿ, ದನ, ಒಂಟೆ. ಕೋಳಿ ಆ ಲೆಕ್ಕಕ್ಕೆ ಬರಲ್ಲ! "ಬಿದೂನ್ ಲಹಮ್" ಅಂತ ಮಾತ್ರ ಹೇಳಿದ್ರೆ ಅವನು ಬಹಳ ಪ್ರೀತಿಯಿಂದ ಕೋಳಿ ಅನ್ನ ತಂದಿಡ್ತಾನೆ. ಅವನದು ತಪ್ಪಲ್ಲ. ಅದಕ್ಕೇ ಮೂರನ್ನೂ ಬಿಡಿಸಿ ಹೇಳ್ಬೇಕು: ಲಹಮ್, ದಜಾಜ್, ಸಮಕ್. "ನಬಾತಿ" ಅಂದ್ರೆ ಸಸ್ಯಾಹಾರಿ, ಆದ್ರೆ ಸಣ್ಣ ಹೋಟೆಲಲ್ಲಿ ಅದೊಂದನ್ನೇ ನಂಬಬೇಡಿ. ಇಷ್ಟಾದ ಮೇಲೂ ಮರಗ್ ಉಳಿಯುತ್ತೆ. ಮರಗ್ ಅಂದ್ರೆ ಮಾಂಸ ಬೇಯಿಸಿದ ರಸ. ಬೇಳೆ ಸೂಪಿನಲ್ಲಿ, ಅನ್ನದಲ್ಲಿ ಅದು ಕಣ್ಣಿಗೆ ಕಾಣಲ್ಲ. ಅನ್ನ ತಿನ್ನೋ ಮುಂಚೆ "ಅರ್ರುಝ್ಝ್ ಫೀಹ್ ಮರಗ್?" ಅಂತ ಕೇಳಿ. ಮೊನ್ನೆ ಒಬ್ಬ ಗೆಳತಿ, ಧಾರವಾಡದವಳು, ಇದನ್ನ ಕೇಳಿ "ಅಯ್ಯೋ, ನಾ ಎರಡ ವರ್ಷ ಬೇಳಿ ಸಾರು ಅಂತ ಕುಡದೇನಿ!" ಅಂದಳು. ಕುಡಿದಾಗಿದೆ, ಏನು ಮಾಡೋದು.

ಮೂರನೇದು ಮೊಸರು. ನಮಗೆ ಮೊಸರನ್ನ ಇಲ್ದೆ ಆಗಲ್ಲ. "ಲಬನ್" ಅಂತ ಪುಸ್ತಕದಲ್ಲಿ ಓದಿರ್ತೀರಿ. ಬಾಗ್ದಾದಿನಲ್ಲಿ ಲಬನ್ ಕೇಳಿದ್ರೆ ಮೊಸರು ಬರುತ್ತೆ, ಕೈರೋದಲ್ಲಿ ಕೇಳಿದ್ರೆ ಹಾಲು ಬರುತ್ತೆ, ರಿಯಾದಿನಲ್ಲಿ ಕೇಳಿದ್ರೆ ಬಾಟಲಿಯಲ್ಲಿ ಮಜ್ಜಿಗೆ ಬರುತ್ತೆ. ರಿಯಾದಿನಲ್ಲಿ ಗಟ್ಟಿ ಮೊಸರು ಬೇಕಂದ್ರೆ "ಝಬಾದಿ". ಕುವೈತ್, ದುಬೈ ಕಡೆ ಅದೇ "ರೋಬ್". ಅನ್ನದ್ದೂ ಇದೇ ಕಥೆ. ಕೊಲ್ಲಿಯ ಕಡೆ "ಏಶ್" ಅಂದ್ರೆ ಅನ್ನ, ಈಜಿಪ್ಟಿನವನಿಗೆ ಅದು ರೊಟ್ಟಿ. ಇರಾಕಿನವರು ಅನ್ನಕ್ಕೆ "ತಿಮ್ಮನ್" ಅಂತಾರೆ. ನಮ್ಮ ಕೆಳಮನೆಯವರು ಮಧ್ಯಾಹ್ನ "ತಿಮ್ಮನ್ ವ ಮರಗ್" ಅಂದಾಗಲೆಲ್ಲ ನನಗೆ ಯಾವನೋ ತಿಮ್ಮಣ್ಣ ಊಟಕ್ಕೆ ಬರ್ತಾನೇನೋ ಅನ್ನಿಸೋದು. "ರುಝ್ಝ್" ಅಂದ್ರೆ ಎಲ್ಲಾ ಕಡೆ ಅರ್ಥ ಆಗುತ್ತೆ, ಅದನ್ನೇ ಇಟ್ಕೊಳ್ಳಿ.

ಒಂದು ಖುಷಿಯ ವಿಷಯ. "ಹಾದಿರ್" ಬೇರೆ ಏನೂ ಅಲ್ಲ, ನಮ್ಮ "ಹಾಜರು". ಪಾರಸಿ, ಉರ್ದು ಸುತ್ತಿ ಬಂದು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಕೂತಿದೆ. ಅಸಲು, ಬಾಕಿ, ವಸೂಲಿ, ಬದಲು, ತಕರಾರು, ಎಲ್ಲಾ ಅಲ್ಲಿಯವೇ. ವ್ಯಾಪಾರದ ಪದಗಳೇ ಜಾಸ್ತಿ ಅನ್ನೋದನ್ನ ಗಮನಿಸಿ. ಸಂತೆಗೆ ಹೋದಾಗ ಇವು ಕೈ ಹಿಡೀತಾವೆ.

ಆದ್ರೆ ಸಂತೆಗೆ ಕಾಲಿಡೋ ಮುಂಚೆ ಅಂಕಿ ಗಟ್ಟಿಯಾಗ್ಬೇಕು. ಚೌಕಾಸಿಯಲ್ಲಿ ಅರ್ಧಕ್ಕರ್ಧ ಮಾತು ಅಂಕಿಯೇ. ಇಪ್ಪತ್ತರವರೆಗೆ ಕಲಿತು ನಿಲ್ಲಿಸಿದವರು ಇಪ್ಪತ್ತೊಂದಕ್ಕೆ ಬೀಳ್ತಾರೆ, ಯಾಕಂದ್ರೆ ಅಲ್ಲಿಂದ ಬಿಡಿ ಸ್ಥಾನ ಮೊದಲು ಬರುತ್ತೆ. ನಮ್ಮದು ಇಪ್ಪತ್ತು-ಐದು, ಅವರದು "ಖಮ್ಸಾ ವ ಇಶ್ರೀನ್", ಐದು ಮತ್ತು ಇಪ್ಪತ್ತು. ನಾನು ಒಂದು ಸಲ ಖರ್ಜೂರದ ಡಬ್ಬಿ ಕೊಳ್ಳುವಾಗ ಅಂಗಡಿಯವನು "ಖಮ್ಸಾ ವ ಥಲಾಥೀನ್" ಅಂದ. ನನ್ನ ಕಿವಿಗೆ ಮೊದಲು ಐದು ಬಿತ್ತು, ಆಮೇಲೆ ಮೂರು. ಐವತ್ತಮೂರು ಅಂದ್ಕೊಂಡು ಎಣಿಸಿ ಕೊಟ್ಟೆ. ಅವನು ಹದಿನೆಂಟು ರಿಯಾಲ್ ವಾಪಸ್ ಕೊಟ್ಟು, ಬೆರಳಲ್ಲಿ ಗಾಳಿಯಲ್ಲೇ 35 ಬರೆದು ತೋರಿಸಿದ.

ಹತ್ತುಗಳು ಹೀಗಿವೆ: ಅಶರಾ, ಇಶ್ರೀನ್, ಥಲಾಥೀನ್, ಅರ್ಬಈನ್, ಖಮ್ಸೀನ್, ಸಿತ್ತೀನ್, ಸಬ್‌ಈನ್, ಥಮಾನೀನ್, ತಿಸ್‌ಈನ್, ಮಿಯ್ಯಾ. ಕೊನೆಯಲ್ಲಿ "ಈನ್" ಕೇಳಿಸಿದ್ರೆ ಅದು ಹತ್ತರ ಗುಂಪು. "ಖಮ್ಸೀನ್" ಐವತ್ತು, "ಖಮಸ್ತಾಶ್" ಹದಿನೈದು. ಎರಡು ನೂರಕ್ಕೆ ಎರಡು ಅನ್ನೋ ಪದವೇ ಬರಲ್ಲ, ನೂರಕ್ಕೆ ಬಾಲ ಅಂಟಿಸ್ತಾರೆ, "ಮಿಯ್ಯತೇನ್". ಎರಡು ರಿಯಾಲಿಗೂ ಹಾಗೇ, "ರಿಯಾಲೇನ್". ಬಾಲ ಕೇಳಿಸದಿದ್ರೆ ಇನ್ನೂರು ನೂರಾಗುತ್ತೆ.

ಬರೆದ ಬೆಲೆಯಲ್ಲೂ ಕನ್ನಡದವರಿಗೇ ಅಂತ ಒಂದು ಬಲೆ ಇದೆ. ಅಲ್ಲಿಯ ಐದು ನೋಡೋಕೆ ನಮ್ಮ ಕನ್ನಡದ ಸೊನ್ನೆಯ ಹಾಗೇ ದುಂಡಗಿರುತ್ತೆ. ಅವರ ಸೊನ್ನೆ ಬರೀ ಒಂದು ಚುಕ್ಕೆ. ಇಂಗ್ಲಿಷಿನ 7ರ ಹಾಗೆ ಕಾಣೋದು ಆರು. ಏಳು ಅಂದ್ರೆ ಮೇಲಕ್ಕೆ ಬಾಯಿ ತೆರೆದ ಕೊಕ್ಕೆ, ಅದನ್ನ ತಲೆಕೆಳಗು ಮಾಡಿದ್ರೆ ಎಂಟು. ಲಿಪಿ ಬಲದಿಂದ ಎಡಕ್ಕೆ ಹೋದ್ರೂ ಅಂಕಿಗಳನ್ನ ನಮ್ಮ ಹಾಗೇ ಎಡದಿಂದಲೇ ಓದ್ಬೇಕು. ದುಂಡಗಿನ ಗುರುತು, ಪಕ್ಕದಲ್ಲಿ ಚುಕ್ಕೆ ಇದ್ರೆ ಅದು 50.

ಇದನ್ನ ಇಲ್ಲೇ ಅಭ್ಯಾಸ ಮಾಡಬಹುದು. ನಾನು ಮಾಡ್ತಿದ್ದಿದ್ದು ಐಎನ್‌ಎ ಮಾರ್ಕೆಟ್ಟಲ್ಲಿ, ನಮ್ಮ ಕಡೆಯ ತರಕಾರಿ ತರೋಕೆ ಭಾನುವಾರ ಹೋಗ್ತೀವಲ್ಲ, ಆಗ. ನುಗ್ಗೇಕಾಯಿಯವನು "ಪೈಂತೀಸ್" ಅಂದ ತಕ್ಷಣ ಮನಸ್ಸಲ್ಲೇ "ಖಮ್ಸಾ ವ ಥಲಾಥೀನ್" ಅನ್ನೋದು. ಹಿಂದಿಯ ಪೈಂತೀಸ್, ಛಿಯಾಲೀಸ್ ಇನ್ನೂ ಬಾಯಿಗೆ ಬರದವರು ಒಂದೇ ಏಟಿಗೆ ಎರಡನ್ನೂ ಕಲೀಬಹುದು. ಯಾಕಂದ್ರೆ ಪೈಂತೀಸ್‌ನಲ್ಲೂ ಐದು ಮೊದಲು, ಮೂವತ್ತು ಆಮೇಲೆ.

ಈಗ ಸಂತೆ. ರಿಯಾದಿನ ಹಳೇ ಊರಲ್ಲಿ ಸೂಕ್ ಅಲ್ ಝಲ್ ಅಂತ ಇದೆ, ನಮ್ಮ ಅವೆನ್ಯೂ ರಸ್ತೆಯ ಗಲ್ಲಿಗಳನ್ನ ನೆನಪಿಸೋ ಜಾಗ. ಬಿಶ್ತ್ ಅನ್ನೋ ಮೇಲಂಗಿ, ಊದ್, ಹಳೇ ಪಾತ್ರೆ ಎಲ್ಲಾ ಸಿಗುತ್ತೆ. ಅಲ್ಲಿ ಒಂದು "ದಲ್ಲಾ" ಕೊಳ್ಳೋಣ, ಕೊಕ್ಕಿನ ಹಾಗೆ ಮೂತಿ ಇರೋ ಗಹ್ವಾ ಹೂಜಿ. ಅರಬ್ಬಿಯಲ್ಲಿ ದಲ್ಲಾ ಹೆಣ್ಣು. ಆದ್ದರಿಂದ "ಹಾದಾ" ಅಲ್ಲ, "ಹಾದಿ". "ಘಾಲಿ" ಅಲ್ಲ, "ಘಾಲ್ಯಾ". ಕನ್ನಡದಲ್ಲಿ ವಸ್ತುವೆಲ್ಲ ನಪುಂಸಕ, ಹಾಗಾಗಿ ನಮಗೆ ಇದು ಮರೆತುಹೋಗುತ್ತೆ. ಮರೆತರೆ ವ್ಯಾಪಾರ ಏನೂ ಕೆಡಲ್ಲ ಬಿಡಿ.

ಆಟ ಹೀಗಾಡಿ. ಇಬ್ಬರು ಎದುರುಬದುರು ಕೂತ್ಕೊಳ್ಳಿ. ಅಂಗಡಿಯವನು ಒಂದು ಚೀಟಿಯಲ್ಲಿ ತಾನು ಬಿಡೋ ಕನಿಷ್ಠ ಬೆಲೆ ಬರೆದು ಜೇಬಲ್ಲಿ ಇಟ್ಕೊಳ್ಳಲಿ, ಕೊಳ್ಳೋನು ತಾನು ಕೊಡೋ ಗರಿಷ್ಠ ಬೆಲೆ ಬರೆದು ಇಟ್ಕೊಳ್ಳಲಿ. ನಾವು ಆಡಿದ ಒಂದು ಸುತ್ತನ್ನ ಹಾಗೇ ಕೊಡ್ತೀನಿ. ಅಂಗಡಿಯವನ ಚೀಟಿಯಲ್ಲಿ 80, ನನ್ನ ಚೀಟಿಯಲ್ಲಿ 90 ಇತ್ತು.

ನಾನು: ಅಸ್ಸಲಾಮು ಅಲೈಕುಮ್, ಕೇಫ್ ಅಲ್ ಹಾಲ್? – ಹೇಗಿದ್ದೀರಿ?
ಅಂಗಡಿಯವನು: ವ ಅಲೈಕುಮುಸ್ಸಲಾಮ್. ಅಲ್ ಹಮ್ದುಲಿಲ್ಲಾ. ತಫದ್ದಲ್, ಶೂಫ್. – ದೇವರ ದಯೆ. ಬನ್ನಿ, ನೋಡಿ.
ನಾನು: ಬಿಕಮ್ ಹಾದಿ ಅದ್ದಲ್ಲಾ? – ಈ ಹೂಜಿ ಎಷ್ಟು?
ಅಂಗಡಿಯವನು: ಮಿಯ್ಯಾ ವ ಇಶ್ರೀನ್. – 120.
ನಾನು: ಘಾಲ್ಯಾ ಮರ್ರಾ! ನಝ್ಝಿಲ್ ಶ್ವಯ್. – ಬಹಳ ದುಬಾರಿ! ಸ್ವಲ್ಪ ಇಳಿಸಿ.
ಅಂಗಡಿಯವನು: ಹಾದಿ ನಹಾಸ್ ಅಸ್ಲಿ, ಶುಘ್ಲ್ ಯದ್. ಕಮ್ ತದ್‌ಫಅ? – ಇದು ಅಸಲಿ ತಾಮ್ರ, ಕೈಕೆಲಸ. ನೀವೆಷ್ಟು ಕೊಡ್ತೀರಿ?
ನಾನು: ಸಬ್‌ಈನ್. – 70.
ಅಂಗಡಿಯವನು: ಲಾ ವಲ್ಲಾ! ರಾಸ್ ಮಾಲ್ಹಾ ತಿಸ್‌ಈನ್. ಅಶಾನಕ್ ಇಂತಾ, ಮಿಯ್ಯಾ ವ ಅಶರಾ. – ದೇವರಾಣೆ ಆಗಲ್ಲ! ಇದರ ಅಸಲೇ 90. ನಿಮಗೋಸ್ಕರ ಅಂತ 110.
ನಾನು: ತಯ್ಯಿಬ್, ಆಖುದ್ ಥಿಂತೇನ್. ಅಥ್ಥಿಂತೇನ್ ಬಿಕಮ್? – ಸರಿ, ಎರಡು ತಗೋತೀನಿ. ಎರಡೂ ಸೇರಿ ಎಷ್ಟು?
ಅಂಗಡಿಯವನು: ಅಥ್ಥಿಂತೇನ್… ಮಿಯ್ಯತೇನ್. – ಎರಡಕ್ಕೆ 200.
ನಾನು: ಮಿಯ್ಯಾ ವ ಸಿತ್ತೀನ್. – 160.
ಅಂಗಡಿಯವನು: ಮಾ ಯಿಮ್ಶಿ. ಆಖಿರ್ ಕಲಾಮ್, ಮಿಯ್ಯಾ ವ ಥಮಾನೀನ್. – ನಡೆಯಲ್ಲ. ಕೊನೇ ಮಾತು, 180.
ನಾನು: ಶುಕ್ರನ್. ಅಶೂಫ್ ವ ಅರ್ಜಅ. – ಥ್ಯಾಂಕ್ಸ್. ನೋಡ್ಕೊಂಡು ಬರ್ತೀನಿ.
ಅಂಗಡಿಯವನು: ತಆಲ್, ತಆಲ್! ಖಲಾಸ್, ಮಿಯ್ಯಾ ವ ಸಬ್‌ಈನ್. – ಬನ್ನಿ ಬನ್ನಿ! ಆಯ್ತು, 170.
ನಾನು: ಖಲಾಸ್. ತಫದ್ದಲ್. – ಆಯ್ತು. ತಗೊಳ್ಳಿ.
ಅಂಗಡಿಯವನು: ಮಬ್ರೂಕ್. – ಶುಭವಾಗಲಿ.
ನಾನು: ಅಲ್ಲಾ ಯಬಾರಿಕ್ ಫೀಕ್. – ನಿಮಗೂ ದೇವರ ಆಶೀರ್ವಾದ ಇರಲಿ.

ಒಂದಕ್ಕೆ 85 ಬಿತ್ತು, ಇಬ್ಬರ ಚೀಟಿಯ ನಡುವೆ. "ಅಸಲೇ 90" ಅಂದವನು 85ಕ್ಕೆ ಕೊಟ್ಟ, ಚೀಟಿಯಲ್ಲಿ 80 ಬರ್ಕೊಂಡಿದ್ದ! "ರಾಸ್ ಮಾಲ್" ಅಂದ್ರೆ ಹಾಕಿದ ಬಂಡವಾಳ. ಆ ಮಾತು ಬಂದ ತಕ್ಷಣ ನಿಜಾನಾ ಸುಳ್ಳಾ ಅಂತ ವಾದಕ್ಕೆ ಇಳೀಬೇಡಿ. ನಮ್ಮ ಕೆ.ಆರ್. ಮಾರ್ಕೆಟ್ಟಲ್ಲಿ "ಅಸಲಿಗೇ ಬಂದಿಲ್ಲ ಸ್ವಾಮಿ" ಅಂತಾರಲ್ಲ, ಅದೇ ದಾಟಿ. ಉತ್ತರ ಕೊಡೋದು ಅಂಕಿಯಲ್ಲಿ, ಇಲ್ಲಾಂದ್ರೆ ನಾನು ಮಾಡಿದ ಹಾಗೆ ಸಂಖ್ಯೆ ಹೆಚ್ಚಿಸಿ.

ಎದ್ದು ಹೊರಡೋದು ನಾಟಕದ ಭಾಗ, ಆದ್ರೆ ಅದನ್ನ ಒಂದೇ ಸಲ ಬಳಸಬಹುದು. ಅವನು ಕರೀಲಿಲ್ಲ ಅಂದ್ರೆ 180 ಅವನ ನಿಜವಾದ ಕೊನೇ ಬೆಲೆ ಅಂತ ಗೊತ್ತಾಗುತ್ತೆ. ಅವನು ಒಪ್ಪಿದ ಮೇಲೆ ಮತ್ತೆ ಬೆಲೆ ಕೆಳಗಿಳಿಸೋದು, ಅಥವಾ ನೀವೇ ಹೇಳಿದ ಬೆಲೆಗೆ ಅವನು ಹೂಂ ಅಂದಾಗ ಬೇಡ ಅನ್ನೋದು, ಎರಡೂ ಕೆಟ್ಟದು. ಹಾಗಾಗಿ ಕೊಳ್ಳೋ ಮನಸ್ಸಿಲ್ಲದಿದ್ರೆ ಅಂಕಿ ಹೇಳಲೇಬೇಡಿ, "ಬಸ್ ಅಶೂಫ್" ಅನ್ನಿ, ಸುಮ್ಮನೆ ನೋಡ್ತಿದ್ದೀನಿ ಅಂತ. ಸೂಪರ್ ಮಾರ್ಕೆಟ್ಟಲ್ಲಿ, ಮೆನು ಇರೋ ಹೋಟೆಲಲ್ಲಿ ಚೌಕಾಸಿ ಇಲ್ಲ, ಅದು ಎಲ್ಲಾ ಊರಿಗೂ ಒಂದೇ.

ದೆಹಲಿಯಲ್ಲಿ ಇದ್ದು ನಮಗೆ ಒಂದು ಚಟ ಅಂಟಿದೆ: "ಭೈಯಾ, ಕಿತನೇ ಕಾ?" ಅಂತ ನೇರ ಶುರು ಮಾಡೋದು. ಅಲ್ಲಿ ಹಾಗಲ್ಲ. ಮೊದಲ ಎರಡು ಸಾಲು, ಸಲಾಮು ಮತ್ತು "ಕೇಫ್ ಅಲ್ ಹಾಲ್", ಬಿಟ್ಟು ನೇರ ಬೆಲೆ ಕೇಳಿದ್ರೆ ಒರಟು ಅನ್ನಿಸುತ್ತೆ. ಇನ್ನೊಂದು ಎಚ್ಚರ. ಕೆಲವರು ದುಡ್ಡು ತೆಗೆಯುವಾಗ "ಖಲ್ಲೀಹಾ ಅಲೇನಾ" ಅಂತಾರೆ, ಇರಲಿ ಬಿಡಿ, ನಮ್ಮ ಲೆಕ್ಕ ಅಂತ. ಅದು ಉಪಚಾರದ ಮಾತು, ಬಿಟ್ಟಿ ಕೊಟ್ಟ ಹಾಗಲ್ಲ. "ಲಾ, ತಿಸ್ಲಮ್" ಅಂತ ನಗುತ್ತಾ ಹೇಳಿ ದುಡ್ಡು ಕೊಡ್ಬೇಕು. ನಮ್ಮೂರಲ್ಲಿ ಹೊರಟು ನಿಂತವರಿಗೆ "ಊಟ ಮಾಡ್ಕೊಂಡು ಹೋಗಿ" ಅಂತಾರಲ್ಲ, ಹಾಗೆ.

ಅಭ್ಯಾಸದಲ್ಲಿ ಮೊದಲ ಎರಡು ಸುತ್ತು ಕಾಗದ ನೋಡಿ ಓದಿ. ಮೂರನೇ ಸುತ್ತಿಗೆ ಕಾಗದ ಮಡಚಿ, ಚೀಟಿ ಬದಲಾಯಿಸಿ, ಅಂಗಡಿಯವನು ಬೇಕಂತಲೇ 35, 65, 145 ಥರದ ಅಂಕಿ ಹೇಳಲಿ, ಬೇಕಂತಲೇ ಬೇಗ ಹೇಳಲಿ. ಸಿಕ್ಕಿಹಾಕಿಕೊಂಡಾಗ ಕನ್ನಡಕ್ಕೆ ಜಾರಬೇಡಿ. "ಮಾ ಫಹಿಮ್ತ್, ಶ್ವಯ್ ಶ್ವಯ್ ಲೌ ಸಮಹ್ತ್" ಅನ್ನಿ. ಆಗಲೂ ಕೇಳಿಸದಿದ್ರೆ "ಇಕ್ತಿಬ್ಹಾ" ಅಂತ ಫೋನ್ ಮುಂದೆ ಹಿಡೀರಿ, ಬರೀರಿ ಅಂತ. ನನ್ನ ಜೊತೆ ಅಭ್ಯಾಸ ಮಾಡ್ತಿದ್ದ ಗೆಳೆಯ ಮೂರನೇ ಸುತ್ತಲ್ಲಿ ಪ್ರತಿ ಸಲ "ಏ ಮಾರಾಯ, ತಡಿಯಾ" ಅಂತಿದ್ದ. ಅವನಿಗೆ ಪ್ರತಿ ಮಾರಾಯನಿಗೆ ಹತ್ತು ರೂಪಾಯಿ ದಂಡ ಹಾಕಿದ್ವಿ. ಆ ತಿಂಗಳ ಫಿಲ್ಟರ್ ಕಾಫಿ ಅವನ ಖರ್ಚಲ್ಲೇ ಆಯ್ತು.

ಕೊನೇದಾಗಿ ಚಿಲ್ಲರೆ. 170ಕ್ಕೆ ನೀವು 200 ಕೊಟ್ಟಿದ್ದೀರಿ, ಅವನು ಹೂಜಿ ಸುತ್ತೋದರಲ್ಲಿ ಮಗ್ನ. ಕೇಳೋದು ಹೇಗೆ? "ವೇನ್ ಅಲ್ ಬಾಗಿ?" ಬಾಗಿ ಅಂದ್ರೆ ನಮ್ಮ ಬಾಕಿ, ಕ ಹೋಗಿ ಗ ಬಂದಿದೆ ಅಷ್ಟೇ. ಅವನು "ಆಸಿಫ್, ತಫದ್ದಲ್, ಥಲಾಥೀನ್" ಅಂತ ಮೂವತ್ತು ಕೊಡ್ತಾನೆ. ಎಣಿಸಿಕೊಳ್ಳಿ. ಈಗ ವಿಡಿಯೋ ಇಲ್ಲಿಗೆ ನಿಲ್ಲಿಸಿ, ಪಕ್ಕದಲ್ಲಿ ಯಾರಿದ್ದಾರೋ ಅವರ ಕೈಗೆ ಚೀಟಿ ಕೊಡಿ.